ಕಸಿ ಕಿಡ್ನಿ ಮತ್ತು ಬಿಡದ ಬಿ.ಪಿ.

ನಾಗಮಂಗಲ, ಪಾಂಡವಪುರದ ಕಡೆಯಿಂದ ಬೆಂಗಳೂರಿಗೆ ಹೋಗಿ ಕಿಡ್ನಿ ಕಸಿ ಮಾಡಿಸಿಕೊಂಡು ಬಂದವರಿಗೆ ಡಯಾಲಿಸಿಸ್ ತಪ್ಪುತ್ತದೆ. ಬಿ.ಪಿ. ಮಾತ್ರೆ ತಪ್ಪುವುದು ಅಪರೂಪ. ಹೊಸ ಕಿಡ್ನಿ ಚೆನ್ನಾಗಿದ್ದರೂ ಹೀಗೇಕೆ ಎಂಬುದು ತಿಳಿಯಲು ವೈದ್ಯರಿಗೆ ದಶಕಗಳೇ ಹಿಡಿದವು.

1983ರಲ್ಲಿ ಅಮೆರಿಕದ ಕರ್ಟಿಸ್ ಮತ್ತು ಸಂಗಡಿಗರು ಒಂದು ಆಶಾದಾಯಕ ಸುದ್ದಿ ಪ್ರಕಟಿಸಿದ್ದರು. ಬಿ.ಪಿ.ಯಿಂದಲೇ ಕಿಡ್ನಿ ಕಳೆದುಕೊಂಡಿದ್ದ ಆರು ಮಂದಿಗೆ ಬಿ.ಪಿ. ಇಲ್ಲದ ದಾನಿಗಳ ಕಿಡ್ನಿ ಕೂಡಿಸಿದಾಗ, ವರ್ಷಗಳ ನಂತರವೂ ಅವರ ಒತ್ತಡ ಮಾತ್ರೆಯಿಲ್ಲದೆ ಸರಿಯಾಗಿತ್ತು. ಅದೇ ಹೊತ್ತಿಗೆ ಕಸಿ ತಿರಸ್ಕಾರ ತಡೆಯುವ ಸೈಕ್ಲೋಸ್ಪೊರಿನ್ ಬಳಕೆಗೆ ಬಂತು, 90ರ ದಶಕದಲ್ಲಿ ಟ್ಯಾಕ್ರೊಲಿಮಸ್ ಜೊತೆಯಾಯಿತು. ಕಸಿ ಉಳಿಯುವುದು ಹೆಚ್ಚಿತು, ಬಿ.ಪಿ.ಯೂ ಹೆಚ್ಚಿತು.

ಈ ಔಷಧಗಳು ಕಿಡ್ನಿಗೆ ರಕ್ತ ತರುವ ಸಣ್ಣ ನಾಳಗಳನ್ನು ಬಿಗಿಗೊಳಿಸುತ್ತವೆ ಎಂಬುದೇ ಬಹುಕಾಲದ ವಿವರಣೆ. ನಾಳ ಸಡಿಲಿಸುವ ಅಮ್ಲೋಡಿಪಿನ್ ಮೊದಲ ಆಯ್ಕೆಗಳಲ್ಲಿ ಒಂದಾದದ್ದು ಹಾಗೆ. 2011ರಲ್ಲಿ ಹೂರ್ನ್ ಮತ್ತು ಎಲಿಸನ್ ತಂಡ ಇನ್ನೊಂದು ಕಾರಣ ತೋರಿಸಿತು. ಕಿಡ್ನಿಯ ಸೂಕ್ಷ್ಮ ಕೊಳವೆಯಲ್ಲಿ ಮೂತ್ರದಿಂದ ಉಪ್ಪನ್ನು ಮರಳಿ ರಕ್ತಕ್ಕೆ ಎಳೆದುಕೊಳ್ಳುವ ಪ್ರೋಟೀನೊಂದಿದೆ. ಟ್ಯಾಕ್ರೊಲಿಮಸ್ ಅದನ್ನು ಚುರುಕುಗೊಳಿಸುತ್ತದೆ. ಆ ಪ್ರೋಟೀನ್ ಇಲ್ಲದ ಇಲಿಗಳಲ್ಲಿ ಬಿ.ಪಿ. ಏರಲಿಲ್ಲ. ಆ ಪ್ರೋಟೀನನ್ನೇ ತಡೆಯುವುದು ಹಳೆಯ, ಅಗ್ಗದ ಥಯಾಜೈಡ್ ಮಾತ್ರೆ. ನೆದರ್ಲೆಂಡ್ಸಿನಲ್ಲಿ ಕಸಿಯಾದವರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಆ ಜಾತಿಯ ಕ್ಲೋರ್ತಾಲಿಡೋನ್, ಅಮ್ಲೋಡಿಪಿನ್‌ನಷ್ಟೇ ಒತ್ತಡ ಇಳಿಸಿತು. ಆದರೆ ಯೂರಿಕ್ ಆಸಿಡ್ ಏರಿಸುವಂಥ ಕಾಟವೂ ಇದೆ. ಊಟದ ಜೊತೆ ಉಪ್ಪಿನಕಾಯಿ, ಹಪ್ಪಳ ಬಿಡಿ ಎಂದು ವೈದ್ಯರು ಗದರುವುದಕ್ಕೆ ಹೀಗೆ ತಡವಾಗಿ ಇನ್ನೊಂದು ಗಟ್ಟಿ ಕಾರಣ ಸಿಕ್ಕಿತು.

ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಏರಿದರೆ ಬಿ.ಪಿ. ತೊಂದರೆಯೂ ಏರಬಹುದು. ಡಿಲ್ಟಿಯಾಜೆಮ್ ಎಂಬ ಬಿ.ಪಿ. ಮಾತ್ರೆ ದೇಹದಲ್ಲಿ ಟ್ಯಾಕ್ರೊಲಿಮಸ್ ವಿಭಜನೆಯಾಗುವುದನ್ನು ತಡೆದು ರಕ್ತದಲ್ಲಿ ಅದರ ಮಟ್ಟ ಏರಿಸುತ್ತದೆ. ನಮ್ಮ ಚಕ್ಕೋತವೂ ಅದೇ ಕೆಲಸ ಮಾಡಬಲ್ಲದು.

ಎಲ್ಲ ತಪ್ಪನ್ನೂ ಔಷಧದ ಮೇಲೆ ಹೊರಿಸಿದರೂ ಅಪಾಯ. ಕಸಿಯಾಗಿ ಆರು ತಿಂಗಳಾದ ರೈತರೊಬ್ಬರು ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆಗೆ ಬಂದರೆಂದುಕೊಳ್ಳಿ. ಮೂರು ಬಗೆಯ ಮಾತ್ರೆ ನುಂಗಿದರೂ ಬಿ.ಪಿ. 170/100, 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಗುರಿ 130/80ಕ್ಕಿಂತ ಕಡಿಮೆ. ಬೆಳಗಿನ ಮಾತ್ರೆಗೆ ಮೊದಲು ತೆಗೆದ ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಸರಿಯಾಗಿದೆ. ಟೆಲ್ಮಿಸಾರ್ಟನ್ ಎಂಬ ಇನ್ನೊಂದು ಬಿ.ಪಿ. ಮಾತ್ರೆ ಸೇರಿಸಿದ ಹತ್ತು ದಿನಕ್ಕೆ ಕ್ರಿಯಾಟಿನಿನ್ 1.3ರಿಂದ 2.1ಕ್ಕೆ ಜಿಗಿಯಿತು. ಕಸಿ ತಿರಸ್ಕಾರವೂ ಹೀಗೆಯೇ ಕಾಣಿಸಬಹುದು. ಆದರೆ ಈ ಮಾತ್ರೆ ಶುರುವಾದ ಕೂಡಲೇ ಜಿಗಿದರೆ, ಕಿಡ್ನಿಗೆ ರಕ್ತ ಕೊಡುವ ನಾಳವನ್ನು ಹೊಲಿದ ಜಾಗದ ಆಸುಪಾಸು ಕಿರಿದಾಗಿದೆಯೇ ಎಂಬ ಗುಮಾನಿ ಮೊದಲು ಬರಬೇಕು. ಕಿರಿದಾದ ನಾಳದ ಹಿಂದೆ ಸೋಸುವಿಕೆ ನಡೆಯಲು ಕಿಡ್ನಿಯೊಳಗಿನ ಒತ್ತಡವೇ ಆಸರೆ. ಟೆಲ್ಮಿಸಾರ್ಟನ್ ಅದನ್ನು ಇಳಿಸಿಬಿಡುತ್ತದೆ. ಕಸಿ ಕಿಡ್ನಿ ಇರುವ ಕೆಳಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟರೆ ಸುಯ್ ಎಂಬ ಸದ್ದು ಕೇಳಬಹುದು, ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತದ ವೇಗ ಹೆಚ್ಚಿರುತ್ತದೆ. ಇವರಿಗೆ ಆ ಮಾತ್ರೆ ನಿಲ್ಲಿಸಿ, ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಿದ ಮೇಲೆ ಕ್ರಿಯಾಟಿನಿನ್ ಮೊದಲಿನಂತಾಗಿ, ಬಿ.ಪಿ.ಗೆ ಅಮ್ಲೋಡಿಪಿನ್ ಒಂದೇ ಸಾಕಾಗಬಹುದು. ಟ್ಯಾಕ್ರೊಲಿಮಸ್ ಮಾತ್ರ ಅದೇ ಪ್ರಮಾಣದಲ್ಲಿ ಮುಂದುವರಿಯುತ್ತದೆ.