ಅಡ್ಡಹೆಸರು ಬಿಡ್ರಿ, ಹಳೇ ಕಾಗದ ಬಿಡಬ್ಯಾಡ್ರಿ

ನಾನಿರೋದು ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿ. ಬಡಾವಣೆಯ ಹೆಸರಲ್ಲೇ ಒಂದು ಅಡ್ಡಹೆಸರಿದೆ. ನಮ್ಮ ಕಡೆ ಹೊಸಬರು ಸಿಕ್ಕರೆ ಹೆಸರು ಕೇಳಿದ ಮೇಲೆ ಎರಡನೇ ಪ್ರಶ್ನೆ, ‘ಅಡ್ಡಹೆಸರೇನ್ರಿ?’ ಉತ್ತರ ಬಡಿಗೇರ, ಕುಂಬಾರ, ಹಡಪದ, ಕುಲಕರ್ಣಿ ಅಂತಿದ್ದರೆ ಮೂರನೇ ಪ್ರಶ್ನೆ ಬೇಕಾಗೋದಿಲ್ಲ.

ಇವೆಲ್ಲ ಮೂಲದಲ್ಲಿ ಕೆಲಸದ ಹೆಸರುಗಳು. ಊರಿನ ಲೆಕ್ಕ ಬರೆಯುವವನು ಕುಲಕರ್ಣಿ, ಮರಗೆಲಸದವನು ಬಡಿಗೇರ. ಕೆಲಸ ಅಪ್ಪನಿಂದ ಮಗನಿಗೆ ಬರುತ್ತಿದ್ದರಿಂದ ಕೆಲಸದ ಹೆಸರು ಜಾತಿಯ ಗುರುತಾಯ್ತು. ಆಮೇಲೆ ಶಾಲೆಯ ದಾಖಲಾತಿ ಪುಸ್ತಕ ಬಂತು. ಕೆಲಸ ಬಿಟ್ಟವರ ಮಕ್ಕಳೂ ಅದೇ ಹೆಸರಿನಲ್ಲಿ ದಾಖಲಾದರು. ಬಾಯಿಮಾತಿನ ಹೆಸರನ್ನು ಹತ್ತು ಜನ ಕೂತು ಬದಲಿಸಬಹುದಿತ್ತು. ಪುಸ್ತಕಕ್ಕೆ ಸೇರಿದ್ದು ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ.

ಆದರೆ ಅದೇ ಪುಸ್ತಕ ಬಿಡುಗಡೆಯ ದಾರಿಯೂ ಆಗಿತ್ತು. ಅಂಬೇಡ್ಕರ್ ಅವರ ತಂದೆ ರಾಮಜಿ ಸಕ್ಪಾಳ. 1900ರಲ್ಲಿ ಸಾತಾರೆಯ ಶಾಲೆಗೆ ಹುಡುಗನನ್ನು ಸೇರಿಸಿದಾಗ ಸಕ್ಪಾಳ ಬರೆಸಲಿಲ್ಲ; ಮೂಲ ಊರು ಅಂಬಡವೆಯಿಂದ ಬಂದ ಹೆಸರು ದಾಖಲಾಯ್ತು. ಊರಿನ ಹೆಸರು ಎಲ್ಲ ಜಾತಿಯವರಿಗೂ ಒಂದೇ. ನಮ್ಮಲ್ಲೂ ಆಳಂದ, ಚಿಂಚೋಳಿ, ಕಮಲಾಪುರ ಎಂಬ ಅಡ್ಡಹೆಸರುಗಳಿಂದ ಊರು ಗೊತ್ತಾಗುತ್ತದೆ, ಜಾತಿ ಗೊತ್ತಾಗುವುದಿಲ್ಲ.

ಅಂದು ಶಾಲೆಗೆ ಸೇರಿಸುವಾಗ ಬರೆಸಿದರೆ ಮುಗಿಯಿತು. ಇಂದು ಇಪ್ಪತ್ತೆಂಟರ ವಯಸ್ಸಿನಲ್ಲಿ ಬದಲಿಸಬೇಕೆಂದರೆ? ಶರಣಪ್ಪ ಹಡಪದ ಎಂಬ ಒಬ್ಬ ಇಂಜಿನಿಯರ್ ಇದ್ದಾನೆ ಅಂದುಕೊಳ್ಳಿ. ಕಮಲಾಪುರದವನು, ಕೆಲಸ ಬೆಂಗಳೂರಿನಲ್ಲಿ. ಶರಣಪ್ಪ ಕಮಲಾಪುರ ಆಗಬೇಕೆಂಬ ಆಸೆ. ಅಡ್ಡಹೆಸರೇ ಬೇಡ, ಬರೀ ‘ಶರಣಪ್ಪ’ ಸಾಕು ಅಂತ ಅನಿಸಬಹುದು. ಆದರೆ ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರಿನ ಜಾಗ ಖಾಲಿ ಬಿಡುವಂತಿಲ್ಲ. 2022ರಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದ ಪ್ರವಾಸಿಗರಿಗೆ ತಡೆ ಹಾಕಿತ್ತು. ಅದಕ್ಕೇ ಊರನ್ನೋ ಅಪ್ಪನ ಹೆಸರನ್ನೋ ಇಟ್ಟುಕೊಳ್ಳುವುದು ಜಾಣತನ.

ಮೊದಲು ನೋಟರಿ ಮುಂದೆ ಅಫಿಡವಿಟ್. ಅದರಲ್ಲಿ ಹಳೆಯ ಹೆಸರು, ಹೊಸ ಹೆಸರು ಎರಡೂ ಇರಬೇಕು, ಇಬ್ಬರೂ ಒಬ್ಬನೇ ಅಂತ ಸ್ಪಷ್ಟವಾಗಿ ಬರೆದಿರಬೇಕು. ಆಮೇಲೆ ಪತ್ರಿಕೆಯಲ್ಲಿ ಜಾಹೀರಾತು, ಕೊನೆಗೆ ಗೆಜೆಟ್. ಗೆಜೆಟ್ ಕೈಗೆ ಬಂದ ಮೇಲೆ ಆಧಾರ್, ನಂತರ ಪ್ಯಾನ್, ಬ್ಯಾಂಕು, ಪಿಎಫ್, ಪಾಸ್‌ಪೋರ್ಟ್. ಅವಸರ ಮಾಡಿ ಮೊದಲೇ ಬ್ಯಾಂಕಿಗೆ ಹೋದರೆ ಆಧಾರ್‌ನಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಒಂದು ಆಗಿ ಪಿಎಫ್ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಇಂಗ್ಲಿಷ್ ಕಾಗುಣಿತವನ್ನು ಅಫಿಡವಿಟ್‌ಗೆ ಮುಂಚೆಯೇ ತೀರ್ಮಾನಿಸಿ. Kamalapur, Kamalapura, Kamlapur ನಮ್ಮ ಕಿವಿಗೆ ಒಂದೇ. ಕಂಪ್ಯೂಟರಿಗೆ ಮೂವರು ಬೇರೆ ಮನುಷ್ಯರು. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಸಿಗುವುದು ಎರಡೇ ಅವಕಾಶ.

ಉಳಿಯುವ ಗಂಟು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಶಾಲೆಯ ದಾಖಲೆಗೆ ಹೊಂದದ ಅಕ್ಷರ ಸರಿಪಡಿಸುವುದು ತಿದ್ದುಪಡಿ. ಹೊಸ ಹೆಸರು ತಗೊಳ್ಳೋದು ಬದಲಾವಣೆ. ಈ ಎರಡೂ ಬೇರೆ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಸಿಬಿಎಸ್‌ಇ ಪ್ರಕರಣವೊಂದರಲ್ಲಿ ಬಿಡಿಸಿ ಹೇಳಿತು. ಹೆಸರು ವ್ಯಕ್ತಿಯ ಗುರುತಿನ ಭಾಗ ಎಂದು ಒಪ್ಪಿದ ಕೋರ್ಟ್, ಬದಲಾವಣೆಗೆ ಗೆಜೆಟ್‌ನಂಥ ಆಧಾರ ಕೇಳಬಹುದು, ಹೊಸ ಪ್ರಮಾಣಪತ್ರದಲ್ಲಿ ಬದಲಾವಣೆಯ ಷರಾ ಹಾಕಬಹುದು ಎಂದಿತು. ಅಂದರೆ ಹಳೆಯದು ಅಳಿಸಿಹೋಗುವುದಿಲ್ಲ.

2023ರಲ್ಲಿ ದೆಹಲಿ ಹೈಕೋರ್ಟಿಗೆ ಇಬ್ಬರು ಅಣ್ಣತಮ್ಮಂದಿರು ಬಂದರು. ತಂದೆ ‘ಮೋಚಿ’ ಬಿಟ್ಟು ‘ನಾಯಕ್’ ಆಗಿದ್ದರು. ಮಕ್ಕಳ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಹಳೆಯದೇ ಇತ್ತು. ಅವಮಾನಕ್ಕೆ ದಾರಿಯಾಗುವ ಜಾತಿಗುರುತಿನಿಂದ ದೂರವಿರುವ ಹಕ್ಕು ಮನುಷ್ಯನಿಗಿದೆ ಎಂದು ಕೋರ್ಟ್ ಅವರ ಪರ ನಿಂತಿತು. ಜೊತೆಗೆ, ಅಡ್ಡಹೆಸರು ಬದಲಾದ ಮಾತ್ರಕ್ಕೆ ಜಾತಿ ಬದಲಾಗದು, ಅದರಿಂದ ಬೇರೆ ಮೀಸಲಾತಿ ಪಡೆಯುವಂತಿಲ್ಲ ಎಂದೂ ಹೇಳಿತು. ಶರಣಪ್ಪನಿಗೂ ಇದು ಅನ್ವಯ. ಹೊಸ ಹೆಸರಿನಿಂದ ಅವನ ಮೀಸಲಾತಿ ಹೋಗುವುದಿಲ್ಲ, ಹೊಸದು ಬರುವುದೂ ಇಲ್ಲ. ಆದರೆ ಜಾತಿ ಪ್ರಮಾಣಪತ್ರ, 371(ಜೆ) ಅರ್ಹತಾಪತ್ರ ಹಳೆಯ ಹೆಸರಿನಲ್ಲಿದ್ದರೆ ಪ್ರತಿ ಸಲ ಗೆಜೆಟ್ ಜೊತೆಗಿಟ್ಟೇ ತೋರಿಸಬೇಕು.

ನಮ್ಮ ಊರೇ 2014ರ ನವೆಂಬರ್ 1ರಂದು ಗುಲಬರ್ಗಾ ಬಿಟ್ಟು ಕಲಬುರಗಿ ಆಯ್ತು. ವಿಶ್ವವಿದ್ಯಾಲಯ ಇನ್ನೂ ಗುಲಬರ್ಗಾ ಅಂತಲೇ ಇದೆ. ನಮ್ಮ ಹಳೇ ಪದವಿಪತ್ರಗಳನ್ನು ಯಾರೂ ಸುಳ್ಳು ಅನ್ನಲಿಲ್ಲ, ಯಾಕಂದ್ರೆ ಎರಡೂ ಒಂದೇ ಊರು ಅಂತ ಹೇಳುವ ಸರ್ಕಾರಿ ಅಧಿಸೂಚನೆ ಇದೆ. ಮನುಷ್ಯನಿಗೆ ಆ ಕೆಲಸ ಮಾಡೋದು ಗೆಜೆಟ್‌ನ ಒಂದು ಹಾಳೆ. ಅದರ ಮೂಲಪ್ರತಿಯನ್ನು ಅಂಕಪಟ್ಟಿಯ ಜೊತೆಗೇ ಇಡ್ರಿ.