ಸಹಸಂಬಂಧ ಮತ್ತು ಹಿಂಚಲನೆ: ಚರಗಳನ್ನು ಅದಲುಬದಲಿಸಿದರೆ ರೇಖೆ ಬದಲಾಗುವುದೇಕೆ?

ಎರಡು ಚರಗಳು ಎಷ್ಟು ನಿಕಟವಾಗಿ ಜೊತೆಯಲ್ಲಿ ಏರಿಳಿಯುತ್ತವೆ ಎಂಬುದನ್ನು ಸಹಸಂಬಂಧವು ತಿಳಿಸುತ್ತದೆ. ಒಂದರಿಂದ ಇನ್ನೊಂದನ್ನು ಅಂದಾಜಿಸುವ ರೇಖೆಯನ್ನು ಹಿಂಚಲನೆಯು ಕೊಡುತ್ತದೆ.

ಕಲ್ಪಿತ ಉದಾಹರಣೆ: ಗೋವಿನಜೋಳದ ನಾಲ್ಕು ತಾಕುಗಳು

| ತಾಲ್ಲೂಕು | ಮಳೆ (ಮಿ.ಮೀ.) | ಇಳುವರಿ (ಕ್ವಿಂಟಲ್/ಎಕರೆ) |
|---|---|---|
| ಸವಣೂರು | 400 | 18 |
| ಶಿಗ್ಗಾಂವಿ | 500 | 22 |
| ಹಿರೇಕೆರೂರು | 600 | 20 |
| ಹಾನಗಲ್ಲ | 700 | 24 |

ಇಲ್ಲಿ ಸಹಸಂಬಂಧ ಗುಣಾಂಕ 0.8. ಚರಗಳನ್ನು ಅದಲುಬದಲಿಸಿದರೂ ಅದು ಬದಲಾಗದು.

ಮಳೆಯಿಂದ ಇಳುವರಿಯನ್ನು ಅಂದಾಜಿಸುವ ರೇಖೆಯಲ್ಲಿ ಪ್ರತಿ 100 ಮಿ.ಮೀ. ಮಳೆಗೆ ಇಳುವರಿ 1.6 ಕ್ವಿಂಟಲ್ ಹೆಚ್ಚುತ್ತದೆ. ಇದನ್ನೇ ತಿರುಗಿಸಿದರೆ ಒಂದು ಕ್ವಿಂಟಲ್‌ಗೆ 62.5 ಮಿ.ಮೀ. ಆಗಬೇಕು. ಆದರೆ ಇಳುವರಿಯಿಂದ ಮಳೆಯನ್ನು ಅಂದಾಜಿಸುವ ರೇಖೆಯಲ್ಲಿ ಅದು 40 ಮಿ.ಮೀ. ಮಾತ್ರ.

ಮೊದಲ ರೇಖೆಯು ಇಳುವರಿಯ ಅಂದಾಜಿನಲ್ಲಿ ಉಳಿಯುವ ದೋಷಗಳ ವರ್ಗಗಳ ಮೊತ್ತವನ್ನು ಕನಿಷ್ಠಗೊಳಿಸುತ್ತದೆ. ಎರಡನೆಯದು ಮಳೆಯ ಅಂದಾಜಿನ ದೋಷಗಳದ್ದನ್ನು. ಆದ್ದರಿಂದ ರೇಖೆಗಳು ಬೇರೆ. ಎರಡೂ ಸರಾಸರಿ ಬಿಂದುವಿನಲ್ಲಿ (550 ಮಿ.ಮೀ., 21 ಕ್ವಿಂಟಲ್) ಸಂಧಿಸುತ್ತವೆ. ಗುಣಾಂಕವು +1 ಅಥವಾ −1 ಆದಾಗ ಮಾತ್ರ ಅವು ಒಂದಾಗುತ್ತವೆ.

ಆದುದರಿಂದ ಅಂದಾಜಿಸಬೇಕಾದ ಚರವನ್ನೇ ಅವಲಂಬಿತ ಚರವಾಗಿ ಇರಿಸಿ ಲೆಕ್ಕ ಹಾಕಬೇಕು. 400–700 ಮಿ.ಮೀ. ವ್ಯಾಪ್ತಿಯ ಹೊರಗೆ ಈ ರೇಖೆಯನ್ನು ಬಳಸಬಾರದು.