ಬಾಲ್ಯ–ವಯಸ್ಕ ಜೋಡಿಚಿತ್ರ

ಒಬ್ಬ ವ್ಯಕ್ತಿಯ ಬಾಲ್ಯದ ಫೋಟೋಗೆ ಅದೇ ವ್ಯಕ್ತಿಯ ಈಗಿನ ಚಿತ್ರವನ್ನು ಸೇರಿಸಿ, ಇಬ್ಬರೂ ಒಟ್ಟಿಗೆ ಇದ್ದಂತೆ ತೋರಿಸುವ ಛಾಯಾಚಿತ್ರ. ಲಂಡನ್ನಿನಲ್ಲಿ ನೆಲೆಸಿದ ಜಪಾನಿ ಕಲಾವಿದೆ ಚಿನೊ ಒತ್ಸುಕಾ ಅವರ ‘ಇಮ್ಯಾಜಿನ್ ಫೈಂಡಿಂಗ್ ಮಿ’ ಸರಣಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಒಂದು ಚಿತ್ರದ ಶೀರ್ಷಿಕೆಯಲ್ಲಿ 1976 ಮತ್ತು 2005 ಎಂಬ ಎರಡು ವರ್ಷಗಳೂ ಇವೆ.

ಇಲ್ಲಿ ಹಳೆಯ ಫೋಟೋವೇ ಅಳತೆಗೋಲು. ಮೊದಲು ಅದರಲ್ಲಿನ ನೆರಳುಗಳಿಂದ ಬೆಳಕಿನ ದಿಕ್ಕನ್ನೂ, ದಿಗಂತರೇಖೆಯಿಂದ ಕ್ಯಾಮೆರಾದ ಎತ್ತರವನ್ನೂ ಗುರುತಿಸಿ, ಹೊಸ ಚಿತ್ರವನ್ನು ಅದೇ ಬೆಳಕಿನಲ್ಲಿ, ಅದೇ ಎತ್ತರದಿಂದ, ಅಷ್ಟೇ ದೂರದಿಂದ ತೆಗೆಯಲಾಗುತ್ತದೆ. ಬಳಿಕ ಗಾತ್ರದ ಲೆಕ್ಕ: 110 ಸೆಂ.ಮೀ. ಎತ್ತರದ ಮಗು ಚಿತ್ರದಲ್ಲಿ 440 ಪಿಕ್ಸೆಲ್ ಇದ್ದರೆ, ಪಕ್ಕದಲ್ಲೇ ನಿಲ್ಲುವ 165 ಸೆಂ.ಮೀ. ಎತ್ತರದ ವಯಸ್ಕ 660 ಪಿಕ್ಸೆಲ್ ಇರಬೇಕು.

ಹಳೆಯ ಪ್ರಿಂಟಿನಲ್ಲಿ ಕಪ್ಪು ಮಾಸಿ ಬೂದಾಗಿರುತ್ತದೆ, ಅಂಚುಗಳು ಮೃದುವಾಗಿರುತ್ತವೆ. ಹೊಸ ಆಕೃತಿಯ ಕಪ್ಪನ್ನೂ ಅಷ್ಟೇ ತಿಳಿಯಾಗಿಸಿ, ತುಸು ಮಸುಕುಗೊಳಿಸಿ, ಕೊನೆಗೆ ಫಿಲ್ಮಿನ ಕಣಗಳಂಥ ಒರಟನ್ನು ಸೇರಿಸಬೇಕು. ಪಾದದಡಿಯ ದಟ್ಟ ನೆರಳು ಬಿಟ್ಟುಹೋದರೆ ಆಕೃತಿ ನೆಲದ ಮೇಲೆ ತೇಲಿದಂತೆ ಕಂಡು, ಜೋಡಣೆ ಬಯಲಾಗುತ್ತದೆ.